ನಾಲ್ಕೇ ಮಾದರಿ ಸಹಿ ಇದ್ದಾಗ ಅಸಲಿ ಯಾವುದು, ನಕಲಿ ಯಾವುದು: ಟ್ರಿಪ್ಲೆಟ್ ಲಾಸ್ ಬಳಸುವ ಬಗೆ

ಒಬ್ಬರು ಮೊದಲೇ ಕೊಟ್ಟಿಟ್ಟ ನಾಲ್ಕು ಮಾದರಿ ಸಹಿಗಳು ನಿಮ್ಮ ಬಳಿ ಇವೆ. ಈಗ ಐದನೆಯದೊಂದು ಕಾಗದದ ಮೇಲೆ ಬಂದಿದೆ. ಇದನ್ನು ಹಾಕಿದ್ದು ಅವರೇನಾ, ಬೇರೆಯವರಾ?

ಈ ಪ್ರಶ್ನೆಗೆ ಮಾಮೂಲಿ ಕ್ಲಾಸಿಫೈಯರ್ ಕಟ್ಟಲು ಹೋದರೆ ಎರಡು ಕಡೆ ಸಿಕ್ಕಿಕೊಳ್ಳುತ್ತೇವೆ. ನಾಲ್ಕು ಚಿತ್ರದಿಂದ ಒಬ್ಬ ವ್ಯಕ್ತಿಯ ಕೈಬರಹವನ್ನು ಕಲಿಸಲು ಆಗುವುದಿಲ್ಲ. ಕಲಿಸಿದೆವು ಅಂತಲೇ ಇಟ್ಟುಕೊಂಡರೂ ಆ ವ್ಯಕ್ತಿಯ ನಕಲಿ ಸಹಿ ಹೇಗಿರುತ್ತದೆ ಎಂದು ತೋರಿಸಲು ನಮ್ಮ ಹತ್ತಿರ ಒಂದೂ ಇರುವುದಿಲ್ಲ. ನಕಲಿ ಬರುವುದು ಮೋಸ ನಡೆಯುವ ದಿನವೇ.

ಅದಕ್ಕೆ ಪ್ರಶ್ನೆಯನ್ನೇ ಬದಲಿಸಬೇಕು. "ಇದು ಯಾರ ಸಹಿ?" ಅನ್ನುವುದನ್ನು ಬಿಟ್ಟು "ಈ ಎರಡೂ ಒಂದೇ ಕೈಯಿಂದ ಬಂದವಾ?" ಎಂದು ಕೇಳಬೇಕು. ಈ ಎರಡನೇ ಪ್ರಶ್ನೆಗೆ ಉತ್ತರ ಕಲಿಯಲು ನಿಮ್ಮ ಗ್ರಾಹಕರ ಸಹಿಗಳೇ ಬೇಕಿಲ್ಲ, ಬೇರೆ ಯಾರದ್ದಾದರೂ ಆದೀತು. ಸಯಾಮೀಸ್ ನೆಟ್‌ವರ್ಕ್ ಎಂಬ ಹೆಸರು ಬಂದಿದ್ದೂ ಈ ಕೆಲಸದಿಂದಲೇ. 1993ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜೇನ್ ಬ್ರಾಮ್ಲಿ, ಯಾನ್ ಲೆಕುನ್ ಮತ್ತು ಜೊತೆಗಾರರು ಎಲೆಕ್ಟ್ರಾನಿಕ್ ಪೆನ್ನಿನಿಂದ ಹಾಕಿದ ಸಹಿಗಳನ್ನು ಪರೀಕ್ಷಿಸಲು ಎರಡು ಸಹಿಗಳನ್ನೂ ಒಂದೇ ತೂಕಗಳಿಂದ ಓದಿ ಹೋಲಿಸುವ ಜೋಡಿ ಜಾಲವನ್ನು ಮಾಡಿದರು. ಪೆನ್ನು ಓಡಿದ ವೇಗ, ದಿಕ್ಕು ಎಲ್ಲ ಅವರಿಗೆ ಸಿಗುತ್ತಿತ್ತು. ನಾನು ಇಲ್ಲಿ ಹೇಳುವುದು ಅದಕ್ಕಿಂತ ಕಷ್ಟದ ಕೆಲಸ: ಕಾಗದದ ಮೇಲೆ ಹಾಕಿ ಸ್ಕ್ಯಾನ್ ಮಾಡಿದ ಸಹಿ. ಇಲ್ಲಿ ನಮಗೆ ಉಳಿದಿರುವುದು ಶಾಯಿ ಮಾತ್ರ.

ಮೊದಲ ಹೆಜ್ಜೆ: ಡೇಟಾವನ್ನು ವ್ಯಕ್ತಿ ಲೆಕ್ಕದಲ್ಲಿ ಹಂಚಿ

ಅಭ್ಯಾಸಕ್ಕೆ ಸೀಡರ್ ಡೇಟಾಸೆಟ್ ಸಾಕು. ಅದರಲ್ಲಿ 55 ಜನರಿದ್ದಾರೆ, ತಲಾ 24 ಅಸಲಿ ಸಹಿ, 24 ನಕಲಿ ಸಹಿ. ಈ ನಕಲಿಗಳು ಬೇರೆಯವರು ಅಸಲಿಯನ್ನು ಅನುಕರಿಸಿ ಹಾಕಿದವು. ಇವನ್ನು ನುರಿತ ನಕಲಿ ಎನ್ನೋಣ. ಬೇರೊಬ್ಬರ ಅಸಲಿ ಸಹಿಯನ್ನೇ ತಂದು ಇವರದ್ದು ಎಂದು ತೋರಿಸಿದರೆ ಅದು ಯಾದೃಚ್ಛಿಕ ನಕಲಿ. ಈ ಎರಡರ ವ್ಯತ್ಯಾಸ ಕೊನೆಯವರೆಗೂ ನಮ್ಮ ಜೊತೆ ಬರುತ್ತದೆ.

ಒಬ್ಬರ 24 ಅಸಲಿ ಸಹಿಗಳಿಂದ 276 ಅಸಲಿ-ಅಸಲಿ ಜೋಡಿ ಸಿಗುತ್ತವೆ, 576 ಅಸಲಿ-ನಕಲಿ ಜೋಡಿ ಸಿಗುತ್ತವೆ. ಚಿತ್ರಗಳು ಕಡಿಮೆ ಇದ್ದರೂ ಹೋಲಿಕೆಗಳು ಬೇಕಾದಷ್ಟಿವೆ. ಆದರೆ ಈ ಸಂಖ್ಯೆ ನೋಡಿ ಮೋಸ ಹೋಗಬಾರದು. ನೆಟ್‌ವರ್ಕ್ ಹೊಸಬರ ಸಹಿಯ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಜನರ ಸಂಖ್ಯೆ, ಜೋಡಿಗಳ ಸಂಖ್ಯೆಯಲ್ಲ.

ಹಂಚಿಕೆ ಹೀಗಿರಲಿ: 35 ಜನ ತರಬೇತಿಗೆ, 10 ಜನ ಥ್ರೆಶೋಲ್ಡ್ ಗೊತ್ತುಮಾಡಲು, 10 ಜನ ಕೊನೆಯ ಪರೀಕ್ಷೆಗೆ. ಒಂದು ಗುಂಪಿನವರ ಒಂದು ಚಿತ್ರವೂ ಇನ್ನೊಂದಕ್ಕೆ ಹೋಗಬಾರದು. ಮೊದಲ ಸಲ ನಾನು ಚಿತ್ರಗಳನ್ನೇ ಕಲೆಸಿ ಹಂಚಿದ್ದೆ. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಹೊಸ ಐದು ಜನರ ಸಹಿ ಕೊಟ್ಟಾಗ ಎಲ್ಲ ಕುಸಿಯಿತು. ನೆಟ್‌ವರ್ಕ್ ಆ ಜನರನ್ನು ಗುರುತು ಹಿಡಿಯಲು ಕಲಿತಿತ್ತೇ ಹೊರತು ಎರಡು ಸಹಿಯನ್ನು ಹೋಲಿಸಲು ಕಲಿತಿರಲಿಲ್ಲ.

ಎರಡನೆಯದು: ಹಿನ್ನೆಲೆ ತೆಗೆಯಿರಿ, ಶಾಯಿಯನ್ನು ಹಾಗೇ ಉಳಿಸಿ

ಅಸಲಿ ಸಹಿಗಳನ್ನು ಒಂದು ದಿನ, ನಕಲಿಗಳನ್ನು ಇನ್ನೊಂದು ದಿನ ಸ್ಕ್ಯಾನ್ ಮಾಡಿದ್ದರೆ ಕಾಗದದ ಬಣ್ಣದಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಇರಬಹುದು. ನಮ್ಮ ಕಣ್ಣಿಗೆ ಕಾಣದಿದ್ದರೂ ನೆಟ್‌ವರ್ಕ್‌ಗೆ ಕಾಣುತ್ತದೆ. ಅದಕ್ಕೆ ಸಹಿಯನ್ನು ಕಲಿಯುವ ಅಗತ್ಯವೇ ಇರುವುದಿಲ್ಲ, ಕಾಗದ ನೋಡಿಯೇ ಉತ್ತರ ಹೇಳಿಬಿಡುತ್ತದೆ. ಇದನ್ನು ಪತ್ತೆ ಹಚ್ಚಲು ಸುಲಭದ ದಾರಿ ಇದೆ: ಪ್ರತಿ ಚಿತ್ರದ ಖಾಲಿ ಮೂಲೆಯನ್ನಷ್ಟೇ ಕತ್ತರಿಸಿ, ಅಸಲಿಯೋ ನಕಲಿಯೋ ಎಂದು ಒಂದು ಪುಟ್ಟ ಕ್ಲಾಸಿಫೈಯರ್‌ಗೆ ಕಲಿಸಿ ನೋಡಿ. ಶಾಯಿಯೇ ಇಲ್ಲದ ಜಾಗದಿಂದ ಉತ್ತರ ಸರಿ ಬರುತ್ತಿದ್ದರೆ ಡೇಟಾದಲ್ಲಿ ಸೋರಿಕೆ ಇದೆ ಎಂದೇ ಅರ್ಥ.

```python
g = cv2.imread(path, cv2.IMREAD_GRAYSCALE)
t, _ = cv2.threshold(g, 0, 255,
         cv2.THRESH_BINARY + cv2.THRESH_OTSU)
g[g > t] = 255
img = 255 - g
```

ಓಟ್ಸು ವಿಧಾನ ಕೊಟ್ಟ ಗಡಿಗಿಂತ ತಿಳಿಯಾಗಿರುವ ಚುಕ್ಕೆಗಳನ್ನೆಲ್ಲ ಇದು ಬಿಳಿ ಮಾಡುತ್ತದೆ. ಆಮೇಲೆ ಚಿತ್ರವನ್ನು ತಿರುವುಮುರುವು ಮಾಡುತ್ತದೆ, ಹಿನ್ನೆಲೆ ಸೊನ್ನೆಯಾಗುತ್ತದೆ. ಗೆರೆಯನ್ನು ಪೂರ್ತಿ ಕಪ್ಪು-ಬಿಳುಪು ಮಾಡಿಲ್ಲ, ಗಮನಿಸಿ. ಪೆನ್ನು ಎಲ್ಲಿ ಒತ್ತಿತು, ಎಲ್ಲಿ ತೇಲಿತು ಎಂಬುದು ಆ ಬೂದು ಛಾಯೆಗಳಲ್ಲೇ ಉಳಿದಿರುತ್ತದೆ. ನಕಲು ಮಾಡುವವರು ನಿಧಾನವಾಗಿ ಎಳೆಯುತ್ತಾರೆ, ಹಾಗಾಗಿ ಅವರ ಗೆರೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪಕ್ಕೆ ಬರುತ್ತದೆ, ಕೊನೆಗಳು ಚೂಪಾಗುವ ಬದಲು ಮೊಂಡಾಗಿ ನಿಲ್ಲುತ್ತವೆ. ಈ ಸುಳಿವನ್ನು ನಾವೇ ಅಳಿಸಿ ಹಾಕಬಾರದು.

ನಂತರ ಸಹಿಯನ್ನು ಖಾಲಿ ಹಾಳೆಯೊಂದರ ಮಧ್ಯಕ್ಕೆ ಕೂರಿಸಿ 150×220 ಅಳತೆಗೆ ಇಳಿಸಿ. ಉದ್ದ-ಅಗಲದ ಅನುಪಾತ ಬದಲಾಗದಂತೆ ನೋಡಿಕೊಳ್ಳಿ. ತರಬೇತಿ ವೇಳೆ ಎರಡು-ಮೂರು ಡಿಗ್ರಿ ತಿರುಗಿಸಬಹುದು, ತುಸು ಸರಿಸಬಹುದು, ಅಷ್ಟೇ. ಚಿತ್ರವನ್ನು ಅಲೆಅಲೆಯಾಗಿ ಬಗ್ಗಿಸುವ ತಂತ್ರ ಇಲ್ಲಿ ಬೇಡ ಎಂಬುದು ನನ್ನ ಅನುಭವ. ಕೈ ನಡುಗಿದ ನಕಲಿ ಗೆರೆಯೂ ಹಾಗೇ ಇರುತ್ತದೆ. ಅದನ್ನು ಅಸಲಿ ಎಂದು ನಾವೇ ಹೇಳಿಕೊಟ್ಟಂತಾಗುತ್ತದೆ.

ಮೂರನೆಯದು: ನೆಟ್‌ವರ್ಕ್

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಮೊದಲೇ ತರಬೇತಾದ ರೆಸ್‌ನೆಟ್-18 ತೆಗೆದುಕೊಂಡು ಕೊನೆಯ ಪದರವನ್ನು ಬದಲಿಸಿದರೆ ಸಾಕು.

```python
class Net(nn.Module):
    def __init__(self):
        super().__init__()
        self.b = torchvision.models.resnet18(weights="DEFAULT")
        self.b.fc = nn.Linear(512, 128)
    def forward(self, x):
        return F.normalize(self.b(x.expand(-1, 3, -1, -1)), dim=1)
```

"ಜೋಡಿ ಎಲ್ಲಿದೆ?" ಎಂದು ಹೊಸಬರು ಕೇಳುತ್ತಾರೆ. ಎರಡು ನೆಟ್‌ವರ್ಕ್ ಬರೆಯುವ ಅಗತ್ಯವೇ ಇಲ್ಲ. ಎರಡೂ ಕಡೆ ತೂಕಗಳು ಒಂದೇ ಆದ್ದರಿಂದ ಇರುವ ಒಂದರೊಳಗೇ ಎಲ್ಲ ಸಹಿಗಳನ್ನು ಹಾಯಿಸಿದರಾಯಿತು. ಪ್ರತಿ ಸಹಿ 128 ಸಂಖ್ಯೆಗಳ ಒಂದು ಎಂಬೆಡಿಂಗ್ ಆಗಿ ಹೊರಬರುತ್ತದೆ. ಉದ್ದವನ್ನು 1ಕ್ಕೆ ಸರಿಪಡಿಸಿರುವುದರಿಂದ ಯಾವ ಎರಡು ಸಹಿಗಳ ನಡುವಿನ ದೂರವೂ 0 ಮತ್ತು 2ರ ಒಳಗೇ ಇರುತ್ತದೆ. ಮುಂದೆ ಬರುವ ದೂರಗಳನ್ನೆಲ್ಲ ಈ ಅಳತೆಯಲ್ಲಿ ಓದಿಕೊಳ್ಳಿ.

ನಾಲ್ಕನೆಯದು: ಯಾವ ಮೂರು ಸಹಿ?

ಇಡೀ ಕೆಲಸದ ಜೀವಾಳ ಇಲ್ಲಿದೆ. ಟ್ರಿಪ್ಲೆಟ್ ಎಂದರೆ ಮೂರು ಸಹಿ. ಒಬ್ಬರ ಒಂದು ಅಸಲಿ ಸಹಿ ಆಂಕರ್, ಅವರದ್ದೇ ಇನ್ನೊಂದು ಅಸಲಿ ಪಾಸಿಟಿವ್, ಅವರದ್ದಲ್ಲದ್ದು ನೆಗೆಟಿವ್. ನೆಗೆಟಿವ್ ಆಂಕರ್‌ನಿಂದ ಇರುವ ದೂರ, ಪಾಸಿಟಿವ್ ಇರುವ ದೂರಕ್ಕಿಂತ ಕನಿಷ್ಠ ಒಂದು ಮಾರ್ಜಿನ್‌ನಷ್ಟಾದರೂ ಹೆಚ್ಚಿರಬೇಕು. ಇಲ್ಲದಿದ್ದರೆ ದಂಡ.

`L = max(0, d(a,p) − d(a,n) + m)`

ಒಂದು ಟ್ರಿಪ್ಲೆಟ್ ಹತ್ತಿರದಿಂದ ನೋಡೋಣ. ಮಾರ್ಜಿನ್ 0.2 ಇರಲಿ. ಆಂಕರ್‌ಗೂ ಪಾಸಿಟಿವ್‌ಗೂ ದೂರ 0.62. ನೆಗೆಟಿವ್ ಆಗಿ ಬೇರೊಬ್ಬರ ಸಹಿ ಇಟ್ಟೆವು, ದೂರ 1.21. ಲೆಕ್ಕ ಹಾಕಿದರೆ 0.62 − 1.21 + 0.2, ಅಂದರೆ −0.39. ಲಾಸ್ ಸೊನ್ನೆ, ನೆಟ್‌ವರ್ಕ್‌ಗೆ ಕಲಿಯಲು ಏನೂ ಸಿಗಲಿಲ್ಲ. ಅದೇ ಜಾಗದಲ್ಲಿ ನುರಿತ ನಕಲಿ ಇಟ್ಟೆವು, ದೂರ 0.70. ಈಗ 0.62 − 0.70 + 0.2, ಅಂದರೆ 0.12. ನಕಲಿ ಅಸಲಿಗಿಂತ ದೂರವೇನೋ ಇದೆ, ಆದರೆ ಸಾಕಷ್ಟು ದೂರ ಇಲ್ಲ. ಕಲಿಕೆ ನಡೆಯುವುದು ಇಲ್ಲಿ.

ಇಬ್ಬರು ಬೇರೆಬೇರೆ ವ್ಯಕ್ತಿಗಳ ಸಹಿಗಳು ಸಾಮಾನ್ಯವಾಗಿ ನೋಡಿದ ಕೂಡಲೇ ಬೇರೆ ಕಾಣುತ್ತವೆ. ಅಂಥ ನೆಗೆಟಿವ್‌ಗಳನ್ನೇ ಕೊಡುತ್ತಾ ಹೋದರೆ ಲಾಸ್ ಬೇಗ ಇಳಿಯುತ್ತದೆ, ಗ್ರಾಫ್ ಅಂದವಾಗಿ ಕಾಣುತ್ತದೆ, ಆದರೆ ನೆಟ್‌ವರ್ಕ್ ಕಲಿತಿರುವುದು ಅಕ್ಷರಗಳ ಒಟ್ಟು ಆಕಾರವನ್ನಷ್ಟೇ. ನಕಲು ಮಾಡುವವರು ಮೊದಲು ಸರಿಮಾಡಿಕೊಳ್ಳುವುದೂ ಅದನ್ನೇ. ಹಾಗಾಗಿ ನೆಗೆಟಿವ್ ಆಗಿ ಏನು ಇಡುತ್ತೀರೋ, ನೆಟ್‌ವರ್ಕ್ ಅದರ ವಿರುದ್ಧ ಮಾತ್ರ ಕಾವಲು ಕಾಯುತ್ತದೆ.

ಇಲ್ಲೊಂದು ಸಂಶಯ ಬರುವುದು ಸಹಜ: ಹೊಸ ವ್ಯಕ್ತಿಯ ನಕಲಿ ನಮ್ಮ ಬಳಿ ಇರುವುದಿಲ್ಲ ಎಂದ ಮೇಲೆ ನಕಲಿ ಇಟ್ಟು ಕಲಿಸುವುದು ಹೇಗೆ? ತರಬೇತಿಯ 35 ಜನರ ನಕಲಿಗಳು ಇವೆಯಲ್ಲ. ನಡುಗಿದ ಗೆರೆ, ಬೇಡದ ಕಡೆ ಎತ್ತಿದ ಪೆನ್ನು, ಮೊಂಡು ಕೊನೆ ಇವು ಒಬ್ಬ ವ್ಯಕ್ತಿಗೆ ಅಂಟಿದ ಗುಣಗಳಲ್ಲ, ನಕಲು ಮಾಡುವ ಕ್ರಿಯೆಯ ಗುಣಗಳು. ಅವರಿಂದ ಕಲಿತದ್ದು ಇವರಿಗೂ ದಾಟುತ್ತದೆ.

ಪ್ರತಿ ಬ್ಯಾಚ್‌ಗೆ 8 ಜನರನ್ನು ಆರಿಸಿ, ಪ್ರತಿಯೊಬ್ಬರದ್ದೂ 4 ಅಸಲಿ, 4 ನಕಲಿ ತೆಗೆದುಕೊಳ್ಳಿ. ಒಟ್ಟು 64 ಚಿತ್ರ. ಬ್ಯಾಚ್‌ನೊಳಗಿನ ಪ್ರತಿ ಅಸಲಿಗೂ ಅತಿ ದೂರದ ಪಾಸಿಟಿವ್ ಮತ್ತು ಅತಿ ಹತ್ತಿರದ ನೆಗೆಟಿವ್ ಹುಡುಕುತ್ತೇವೆ. ಇದಕ್ಕೆ ಬ್ಯಾಚ್-ಹಾರ್ಡ್ ಎಂದು ಹೆಸರು.

```python
def batch_hard(z, pid, real, m=0.2):
    d = torch.cdist(z, z)
    pos = (pid[:, None] == pid) & real[:, None] & real
    hp = d.masked_fill(~pos, 0).max(1).values
    hn = d.masked_fill(pos, 9).min(1).values
    return F.relu(hp - hn + m)[real].mean()
```

`pid` ವ್ಯಕ್ತಿಯ ಸಂಖ್ಯೆ, `real` ಅಸಲಿಯಾದರೆ `True`. ಕೊನೆಯ ಸಾಲಿನ `[real]` ಮರೆಯಬೇಡಿ. ನಕಲಿಯನ್ನು ಯಾವತ್ತೂ ಆಂಕರ್ ಮಾಡಬಾರದು. ಒಬ್ಬರ ನಕಲಿಗಳು ಒಂದಕ್ಕೊಂದು ಹತ್ತಿರ ಇರಬೇಕೆಂದು ನಾವು ಕೇಳುತ್ತಿಲ್ಲ. ಅವು ಬೇರೆಬೇರೆ ಕೈಗಳಿಂದ ಬಂದಿರಬಹುದು.

ಲಾಸ್ 0.2ರ ಮೇಲೆ ಕೂತುಬಿಟ್ಟರೆ

ಬ್ಯಾಚ್-ಹಾರ್ಡ್ ಬಳಸಿದವರು ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ. ಲಾಸ್ ಇಳಿದು ಇಳಿದು 0.2ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, 0.2003, 0.2001, 0.2000. ಇದು ಕಲಿಕೆ ನಿಧಾನವಾದದ್ದಲ್ಲ, ಕುಸಿತ. ಎಲ್ಲ ಸಹಿಗಳನ್ನೂ ನೆಟ್‌ವರ್ಕ್ ಒಂದೇ ಬಿಂದುವಿಗೆ ತಂದು ಗುಡ್ಡೆ ಹಾಕಿದೆ. ಆಗ ಪಾಸಿಟಿವ್ ದೂರವೂ ಸೊನ್ನೆ, ನೆಗೆಟಿವ್ ದೂರವೂ ಸೊನ್ನೆ, ಸೂತ್ರದಲ್ಲಿ ಉಳಿಯುವುದು ಮಾರ್ಜಿನ್ ಮಾತ್ರ. ಶುರುವಿನಲ್ಲೇ ಅತಿ ಕಷ್ಟದ ಉದಾಹರಣೆಗಳನ್ನು ಕೊಟ್ಟಾಗ ನೆಟ್‌ವರ್ಕ್‌ಗೆ ಅದೇ ಸುಲಭದ ದಾರಿಯಾಗಿ ಕಾಣುತ್ತದೆ.

ಬಿಡಿಸುವುದು ಹೀಗೆ. ಮೊದಲ ಕೆಲವು ಸುತ್ತು ನುರಿತ ನಕಲಿಗಳನ್ನು ಬ್ಯಾಚ್‌ನಿಂದ ಹೊರಗಿಡಿ, ಬೇರೆಯವರ ಸಹಿಗಳೇ ನೆಗೆಟಿವ್ ಆಗಿರಲಿ. ಒಟ್ಟು ಆಕಾರದ ಮೇಲೆ ಜನ ಬೇರೆಬೇರೆಯಾಗಿ ಹರಡಿಕೊಂಡ ಮೇಲೆ ನಕಲಿಗಳನ್ನು ಒಳಗೆ ತನ್ನಿ. ಲರ್ನಿಂಗ್ ರೇಟ್ ಅನ್ನು ಆಡಮ್ ಜೊತೆ 1e-4ರಿಂದ ಶುರುಮಾಡಿ, ಕುಸಿತ ಮತ್ತೆ ಕಂಡರೆ 3e-5ಕ್ಕೆ ಇಳಿಸಿ. ಲಾಸ್ ಒಂದನ್ನೇ ನೋಡುತ್ತಾ ಕೂರಬೇಡಿ. ಅಸಲಿ-ಅಸಲಿ ಸರಾಸರಿ ದೂರ, ಅಸಲಿ-ನಕಲಿ ಸರಾಸರಿ ದೂರ, ಈ ಎರಡನ್ನೂ ಪ್ರತಿ ಸುತ್ತಿನ ಕೊನೆಗೆ ಬರೆದಿಟ್ಟುಕೊಳ್ಳಿ. ಎರಡರ ನಡುವಿನ ಅಂತರ ಥ್ರೆಶೋಲ್ಡ್‌ಗೆಂದು ಬದಿಗಿಟ್ಟ 10 ಜನರಲ್ಲೂ ಬೆಳೆಯುತ್ತಿದೆಯೇ ಎಂಬುದೇ ನಿಜವಾದ ಪ್ರಶ್ನೆ. ತರಬೇತಿಯವರಲ್ಲಿ ಬೆಳೆದು ಇವರಲ್ಲಿ ನಿಂತುಹೋದರೆ ಅಲ್ಲಿಗೆ ತರಬೇತಿ ನಿಲ್ಲಿಸಿ.

ಐದನೆಯದು: ನಾಲ್ಕು ಸಹಿಯಿಂದ ತೀರ್ಪು

ಈಗ ಹೊಸಬರಿಗೆ ಬರೋಣ. ಇಬ್ಬರಿದ್ದಾರೆ ಅಂದುಕೊಳ್ಳಿ. ಮೊದಲನೆಯವರ ಸಹಿ ಅಚ್ಚು ಹೊಡೆದಂತೆ ಸ್ಥಿರ. ಅವರ ನಾಲ್ಕು ಮಾದರಿಗಳಿಂದ ಆಗುವ ಆರು ಜೋಡಿಗಳ ದೂರ 0.31, 0.38, 0.35, 0.44, 0.40, 0.52. ಸರಾಸರಿ 0.40. ಎರಡನೆಯವರ ಕೈ ಪ್ರತಿ ಸಲ ಒಂದೊಂದು ಥರ ಓಡುತ್ತದೆ, ಅವರ ಸರಾಸರಿ 0.62. ಒಬ್ಬರ ಸಹಿಗಳು ತಮ್ಮತಮ್ಮಲ್ಲೇ ಎಷ್ಟು ಬದಲಾಗುತ್ತವೆ ಎಂಬ ಈ ಅಳತೆಯನ್ನು ಹರವು ಎಂದು ಕರೆಯೋಣ.

ಮೊದಲನೆಯವರ ಹೆಸರಿನಲ್ಲಿ ಬಂದ ಹೊಸ ಸಹಿ ಅವರ ನಾಲ್ಕು ಮಾದರಿಗಳಿಂದ ಸರಾಸರಿ 0.585 ದೂರದಲ್ಲಿದೆ. ಎರಡನೆಯವರ ಹೆಸರಿನಲ್ಲಿ ಬಂದದ್ದು 0.70 ದೂರದಲ್ಲಿದೆ. ಎಲ್ಲರಿಗೂ ಒಂದೇ ಥ್ರೆಶೋಲ್ಡ್, 0.65 ಎಂದು ಇಟ್ಟರೆ ಮೊದಲನೆಯದು ಪಾಸಾಗುತ್ತದೆ, ಎರಡನೆಯದು ತಿರಸ್ಕಾರವಾಗುತ್ತದೆ. ಆದರೆ ತಮ್ಮದೇ ಹರವಿಗೆ ಹೋಲಿಸಿ ನೋಡಿ: ಮೊದಲನೆಯದು ಹರವಿನ 1.46 ಪಟ್ಟು ದೂರ, ಎರಡನೆಯದು 1.13 ಪಟ್ಟು ಮಾತ್ರ. ಅಷ್ಟು ಸ್ಥಿರವಾಗಿ ಸಹಿ ಹಾಕುವವರು ಒಮ್ಮೆಗೇ ಅಷ್ಟು ದೂರ ಹೋದರೆ ಸಂಶಯ ಪಡಬೇಕಾದದ್ದು ಅಲ್ಲೇ.

ಹಾಗಾದರೆ ಹರವಿನಿಂದ ಭಾಗಿಸಿದರೆ ಮುಗಿಯಿತಾ? ಮುಗಿಯಲಿಲ್ಲ. ನಾಲ್ಕು ಸಹಿಯಿಂದ ತೆಗೆದ ಹರವನ್ನು ಅಷ್ಟು ನಂಬುವಂತಿಲ್ಲ. ಅವನ್ನೆಲ್ಲ ಒಂದೇ ಕೂತಲ್ಲಿ, ಒಂದರ ಹಿಂದೊಂದು ಹಾಕಿದ್ದರೆ ಹರವು ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಮುಂದಿನ ತಿಂಗಳು ಅದೇ ವ್ಯಕ್ತಿ ಹಾಕಿದ ಸಹಿಯೇ ತಿರಸ್ಕಾರವಾಗುತ್ತದೆ. ಸಾಧ್ಯವಿದ್ದರೆ ಮಾದರಿಗಳನ್ನು ಬೇರೆಬೇರೆ ದಿನ ಪಡೆಯಿರಿ. ಆದರೂ ಆಗದಿದ್ದರೂ ಒಬ್ಬರ ಹರವನ್ನು ಎಲ್ಲರ ಸರಾಸರಿ ಹರವಿನ ಜೊತೆ ಬೆರೆಸಿ:

`s = (n·s_own + k·s_all) / (n + k)`

ಮಾದರಿಗಳ ಸಂಖ್ಯೆ `n = 4`, `k` ಕೂಡ 4 ಇರಲಿ, ಥ್ರೆಶೋಲ್ಡ್ ಗುಂಪಿನ 10 ಜನರ ಸರಾಸರಿ ಹರವು 0.48 ಎಂದಿಟ್ಟುಕೊಳ್ಳಿ. ಮೊದಲನೆಯವರ ಹರವು 0.44 ಆಗುತ್ತದೆ, ಅನುಪಾತ 0.585 / 0.44, ಅಂದರೆ 1.33. ಎರಡನೆಯವರದ್ದು 0.55, ಅನುಪಾತ 0.70 / 0.55, ಅಂದರೆ 1.27. ಕ್ರಮ ಬದಲಾಗಲಿಲ್ಲ, ಮೊದಲನೆಯದೇ ಈಗಲೂ ಹೆಚ್ಚು ಸಂಶಯಾಸ್ಪದ. ಆದರೆ ಎರಡೂ ಹತ್ತಿರ ಬಂದವು. ನಮ್ಮ ಕೈಲಿರುವ ಸಾಕ್ಷ್ಯ ಅಷ್ಟು ಗಟ್ಟಿ ಇಲ್ಲ ಎಂಬುದನ್ನು ಸಂಖ್ಯೆಯೇ ಹೇಳುತ್ತಿದೆ. ಮಾದರಿಗಳು ಹೆಚ್ಚಾದಂತೆ ಅವರ ಸ್ವಂತ ಹರವಿಗೆ ತಾನಾಗಿಯೇ ತೂಕ ಬರುತ್ತದೆ.

ಇಂಥ ಎರಡನ್ನೂ ನಾನು ಯಂತ್ರದ ತೀರ್ಪಿಗೆ ಬಿಡುವುದಿಲ್ಲ. 1.15ಕ್ಕಿಂತ ಕಡಿಮೆ ಇದ್ದರೆ ಸ್ವೀಕಾರ, 1.45 ದಾಟಿದರೆ ತಿರಸ್ಕಾರ, ನಡುವಿನದು ಮನುಷ್ಯರ ಕಣ್ಣಿಗೆ ಎಂಬಂತೆ ಎರಡು ಗಡಿ ಇಡುವುದು ಒಳ್ಳೆಯದು. ಈ ಗಡಿಗಳನ್ನು ನನ್ನ ಉದಾಹರಣೆಯಿಂದ ಎತ್ತಿಕೊಳ್ಳಬೇಡಿ, ನಿಮ್ಮ ಥ್ರೆಶೋಲ್ಡ್ ಗುಂಪಿನಿಂದಲೇ ತೆಗೆಯಿರಿ.

ಫಲಿತಾಂಶ ಅಳೆಯುವಾಗ

ಎರಡು ತಪ್ಪುಗಳಿವೆ: ನಕಲಿಯನ್ನು ಒಪ್ಪುವುದು, ಅಸಲಿಯನ್ನು ತಳ್ಳುವುದು. ನುರಿತ ನಕಲಿಗೆ ಒಂದು ಲೆಕ್ಕ, ಯಾದೃಚ್ಛಿಕ ನಕಲಿಗೆ ಇನ್ನೊಂದು ಲೆಕ್ಕ ಇಡಿ. ಎರಡನ್ನೂ ಬೆರೆಸಿ ಕೊಟ್ಟ ನಿಖರತೆಯ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಸುಲಭದ ನಕಲಿಗಳನ್ನು ಸುರಿದಷ್ಟೂ ಅದು ಏರುತ್ತದೆ. ಥ್ರೆಶೋಲ್ಡ್ ಅನ್ನು ಪರೀಕ್ಷೆಯ 10 ಜನರನ್ನು ನೋಡಿ ತಿದ್ದುವುದೂ ಅದೇ ಜಾತಿಯ ತಪ್ಪು. 10 ಜನ ತೀರಾ ಕಡಿಮೆ, ಒಬ್ಬರ ಸಹಿ ವಿಚಿತ್ರವಾಗಿದ್ದರೆ ಸಂಖ್ಯೆಯೇ ವಾಲಿಬಿಡುತ್ತದೆ. ಆದ್ದರಿಂದ 55 ಜನರನ್ನು ಐದು ಸಲ ಬೇರೆಬೇರೆ ರೀತಿ ಹಂಚಿ, ಐದು ಫಲಿತಾಂಶಗಳನ್ನೂ ಬರೆದಿಡಿ.

ಲಿಪಿ ಬದಲಾದರೆ ಎಚ್ಚರ. ಇಂಗ್ಲಿಷ್ ಸಹಿಗಳ ಮೇಲೆ ತರಬೇತಾದ ನೆಟ್‌ವರ್ಕ್ ಹಿಂದಿ ಅಥವಾ ಬಂಗಾಳಿ ಸಹಿಗಳ ಮೇಲೆ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಈ ಎರಡು ಲಿಪಿಗಳಿಗೆ ಬಿಎಚ್‌ಸಿಗ್260 ಡೇಟಾಸೆಟ್ ಇದೆ. ಅದರಲ್ಲಿ 100 ಬಂಗಾಳಿ, 160 ಹಿಂದಿ ಸಹಿದಾರರು, ತಲಾ 24 ಅಸಲಿ ಮತ್ತು 30 ನಕಲಿ. ನಿಮ್ಮ ಬಳಕೆದಾರರ ಲಿಪಿ ಯಾವುದೋ ಅದರಲ್ಲಿ ಸಹಿ ಹಾಕುವ ಜನ ತರಬೇತಿಯಲ್ಲೂ ಇರಲೇಬೇಕು.

ಇನ್ನೊಂದು ಗಡಿ ಕೆಳಗಡೆಯೂ ಬೇಕು. ಒಬ್ಬರ ಆರು ಜೋಡಿಗಳಲ್ಲಿ ಅತಿ ಚಿಕ್ಕ ದೂರ 0.31 ಇದ್ದು, ಬಂದ ಸಹಿ ಒಂದು ಮಾದರಿಗೆ ಬರೀ 0.05 ದೂರದಲ್ಲಿದ್ದರೆ ಇಷ್ಟು ಹೊತ್ತು ಹೇಳಿದ ಲೆಕ್ಕದಂತೆ ಅದು ಸಲೀಸಾಗಿ ಪಾಸಾಗುತ್ತದೆ. ಆದರೆ ಯಾರ ಕೈಯೂ ಒಂದೇ ಸಹಿಯನ್ನು ಎರಡು ಸಲ ಅಷ್ಟು ಕರಾರುವಾಕ್ಕಾಗಿ ಹಾಕುವುದಿಲ್ಲ. ಅದು ಆ ಮಾದರಿಯ ಮೇಲೇ ಕಾಗದ ಇಟ್ಟು ತಿದ್ದಿದ್ದೋ, ಸ್ಕ್ಯಾನ್ ಮಾಡಿ ಅಂಟಿಸಿದ್ದೋ ಇರಬೇಕು. ಅದಕ್ಕೆ ಅತಿ ಚಿಕ್ಕ ಜೋಡಿ ದೂರದ ಅರ್ಧಕ್ಕಿಂತ ಹತ್ತಿರ ಬಂದ ಸಹಿಯನ್ನು ಸ್ವೀಕರಿಸುವ ಮೊದಲು ಪಕ್ಕಕ್ಕೆ ತೆಗೆದು, ಮಾದರಿಯ ಮೇಲೆ ಹೊಂದಿಸಿಟ್ಟು ಗೆರೆಗೆ ಗೆರೆ ಕೂರುತ್ತದೆಯೇ ಎಂದು ಕಣ್ಣಿನಿಂದಲೇ ನೋಡುತ್ತೇನೆ.